ನಿನ್ನ 11 ನಿಮಿಷದ ಮಾತಿಗೆ

ಪ್ರೀತಿಯ ಗೆಳತಿ,

ನನ್ನ ಕುಡಿತ, ಮದುವೆಯಾಗದೆ ನಾನು ಅವನ ಜೊತೆ ಇರೋದು, ದೇವರು ಅಂತ ನನಗೆ ಬುದ್ಧಿ ಹೇಳಿ ನೀನು ಕಳಿಸಿದ ವಾಯ್ಸ್ ಮೆಸೇಜ್ ಬಂದು 9 ದಿನ ಆಯಿತು. ಉತ್ತರ ಕಾಣದೆ, ಇವಳು ಸಿಟ್ಟಾಗಿದ್ದಾಳೆ ಅಂದುಕೊಂಡಿರುತ್ತೀಯ. ಹೌದು, ಆಗಿದ್ದೆ. ಮೊದಲ ಮೂರು ದಿನವಂತೂ ಚೆನ್ನಾಗಿಯೇ ಸಿಟ್ಟಾಗಿದ್ದೆ. ಮೂರು ಸಲ ಉತ್ತರ ಬರೆದು ಅಳಿಸಿದೆ. ಮೊದಲನೆಯದರಲ್ಲಿ ನಿನ್ನನ್ನು ಚುಚ್ಚಿದ್ದೆ. ಎರಡನೆಯದರಲ್ಲಿ ನಾನೆಷ್ಟು ಒಳ್ಳೆಯವಳು ಅಂತ ಪಟ್ಟಿ ಕೊಟ್ಟಿದ್ದೆ. ಮೂರನೆಯದು ‘ಸರಿ ಬಿಡು’ ಅಂತ ಎರಡೇ ಪದ. ಮೂರರಲ್ಲಿ ಅದೇ ಕೆಟ್ಟದಾಗಿತ್ತು. ಈ 16 ವರ್ಷದಲ್ಲಿ ನಾವಿಬ್ಬರೂ ಎಷ್ಟು ಜಗಳ ಆಡಿದ್ದೇವೆ, ಯಾವುದನ್ನೂ ‘ಸರಿ ಬಿಡು’ ಅಂತ ಮುಗಿಸಿಲ್ಲ ಅಲ್ವಾ?

ಮೊದಲ ಸಲ ನಿನ್ನ ಮಾತನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದೆ. ಕೆಲಸಕ್ಕೆ ಹೊರಡುವ ಗಡಿಬಿಡಿ. ಆ ವೇಗಕ್ಕೆ ನೀನು ಪಟಪಟ ಅಂತ ಆರೋಪ ಓದುತ್ತಿರುವ ಹಾಗೆ ಕೇಳಿಸಿತು. ಭಾನುವಾರ ರಾತ್ರಿ ಒಬ್ಬಳೇ ಕೂತು, ಮಾಮೂಲಿ ವೇಗದಲ್ಲಿ ಮತ್ತೆ ಕೇಳಿದೆ. 8ನೇ ನಿಮಿಷದ ಹತ್ತಿರ ನೀನು ಮಾತು ನಿಲ್ಲಿಸುತ್ತೀಯ. ಉಸಿರು ಎಳೆದುಕೊಳ್ಳುತ್ತೀಯ. ಆಮೇಲೆ, ‘ನಾಳೆ ನಿನಗೇನಾದರೂ ಆದರೆ, ಗೊತ್ತಿದ್ದೂ ನಾನು ಹೇಳಲಿಲ್ಲ ಅಂತ ಆಗಬಾರದು ಕಣೇ’ ಅನ್ನುತ್ತೀಯ. ಅಲ್ಲಿ ನಿನ್ನ ದನಿ ನಡುಗುತ್ತದೆ. ವೇಗವಾಗಿ ಕೇಳಿದಾಗ ಆ ನಡುಕ ನನಗೆ ಗೊತ್ತೇ ಆಗಿರಲಿಲ್ಲ.

ಅದನ್ನು ಕೇಳಿದ ಮೇಲೆ ಸಿಟ್ಟೆಲ್ಲ ಇಳಿಯಿತು ಅಂದರೆ ಸುಳ್ಳಾಗುತ್ತದೆ. ಆದರೆ ನೀನು ನನಗಾಗಿ ಹೆದರಿದ್ದೀಯ ಅಂತ ಗೊತ್ತಾಯಿತು. ನೀನು ನಂಬಿರುವುದನ್ನು ನಾನು ಅಷ್ಟೇ ಗಟ್ಟಿಯಾಗಿ ನಂಬಿದ್ದರೆ ನಾನೂ ಸುಮ್ಮನೆ ಇರುತ್ತಿರಲಿಲ್ಲ. ಬಹುಶಃ 11 ನಿಮಿಷಕ್ಕೆ ನಿಲ್ಲಿಸುತ್ತಲೂ ಇರಲಿಲ್ಲ. ನಿನಗೇ ಗೊತ್ತಲ್ಲ, ನಮ್ಮಿಬ್ಬರಲ್ಲಿ ಜಾಸ್ತಿ ಮಾತಾಡುವವಳು ನಾನು.

ಮೊದಲು ನಾನು ಹೇಳದೆ ಬಿಟ್ಟ ಒಂದು ವಿಷಯ. ನಿನ್ನ ಅಪ್ಪ ಹೋದ ಮೇಲೆ ನಾಲ್ಕು ತಿಂಗಳು ನಿನಗೆ ನಿದ್ದೆ ಇರಲಿಲ್ಲ. ರಾತ್ರಿ 2 ಗಂಟೆಗೆ ನೀನು ಫೋನ್ ಮಾಡುತ್ತಿದ್ದೆ. ಮಾತಾಡುತ್ತಿರಲಿಲ್ಲ, ಸುಮ್ನೆ ಲೈನ್‌ನಲ್ಲಿ ಇರುತ್ತಿದ್ದೆ. ಕಟ್ ಮಾಡದೆ ನಾನೂ ಇರುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಲಿ ಆಗಲಿಲ್ಲ. ನಿನ್ನನ್ನು ಎಬ್ಬಿಸಿ ಕೂರಿಸಿದ್ದು ನಿನ್ನ ಪ್ರಾರ್ಥನೆ, ನಿನ್ನ ಸಭೆಯ ಜನ. ನೀನು ಸಿಗರೇಟು ಬಿಟ್ಟೆ. ಐದು ವರ್ಷ ಮಾತು ಬಿಟ್ಟಿದ್ದ ತಮ್ಮನ ಮನೆ ಬಾಗಿಲಿಗೆ ನೀನಾಗಿಯೇ ಹೋಗಿ ನಿಂತೆ. ಬೆಳಿಗ್ಗೆ ಎದ್ದು ಮುಖ ತೊಳೆಯೋಕೂ ಆಗದವಳು, ಈಗ ಸೂರ್ಯ ಹುಟ್ಟೋದಕ್ಕೆ ಮೊದಲೇ ಏಳುತ್ತೀಯ. ಇದನ್ನೆಲ್ಲ ನಾನು ಕಂಡಿದ್ದೇನೆ. ಸಂತೋಷಪಟ್ಟಿದ್ದೇನೆ. ಬಾಯಿಬಿಟ್ಟು ಒಂದು ಸಲವೂ ಹೇಳಿರಲಿಲ್ಲ, ಅಷ್ಟೇ.

ಹೇಳದೆ ಬಿಟ್ಟಿದ್ದು ಹಾಗಿರಲಿ, ಹೇಳಬಾರದ್ದನ್ನೂ ಹೇಳಿದ್ದೇನೆ. ನಿನಗೆ ‘ಸಂತಮ್ಮ’ ಅಂತ ಹೆಸರಿಟ್ಟವಳು ನಾನೇ. ಗ್ರೂಪಿನಲ್ಲಿ ಎಲ್ಲರೂ ನಕ್ಕರು, ನೀನೂ ಒಂದು ನಗುವ ಮುಖ ಹಾಕಿದೆ. ನಿನಗೆ ನೋವಾಯಿತು ಅಂತ ಆಗಲೇ ಗೊತ್ತಾಗಿತ್ತು, ಯಾಕೆಂದರೆ ನೀನು ನಿಜವಾಗಿ ನಕ್ಕರೆ ಒಂದಕ್ಕೆ ನಿಲ್ಲಿಸುವವಳಲ್ಲ. ಗೊತ್ತಿದ್ದೂ ಆಮೇಲೆ ಎರಡು ಸಲ ಅದೇ ಹೆಸರಿನಿಂದ ಕರೆದೆ. ತಪ್ಪಾಯಿತು ಕಣೇ. ಕ್ಷಮಿಸು. ಇನ್ನು ಆ ಹೆಸರು ನನ್ನ ಬಾಯಲ್ಲಿ ಬರಲ್ಲ.

ಈಗ ನೀನು ಹೇಳಿದ್ದಕ್ಕೆ ಬರುತ್ತೇನೆ.

ಕುಡಿತದ ಬಗ್ಗೆ ನೀನು ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧ ನನಗೆ ತಾಗಿತು. ಎಲ್ಲರ ಜೊತೆ ಕೂತಾಗ ಒಂದು ಗ್ಲಾಸ್ ತಗೊಳ್ಳೋದು ನನಗೆ ತಪ್ಪು ಅನ್ನಿಸಲ್ಲ, ನಿನಗೆ ಅನ್ನಿಸುತ್ತದೆ. ಅಲ್ಲಿ ನಾವು ಬೇರೆ ಬೇರೆ. ಆದರೆ ‘ನೀನು ಈಗ ಬೇಜಾರಾದಾಗ ಕುಡಿಯುತ್ತಿದ್ದೀಯ, ಒಬ್ಬಳೇ ಕುಡಿಯುತ್ತಿದ್ದೀಯ’ ಅಂದೆಯಲ್ಲ, ಅದನ್ನು ಹೇಗೆ ಕಂಡುಹಿಡಿದೆ? ಕೆಲಸದಲ್ಲಿ ಆ ದೊಡ್ಡ ಗಲಾಟೆ ಆದ ಮೇಲೆ ವಾರಕ್ಕೆ ಮೂರು ರಾತ್ರಿ ಹಾಗೆ ಆಗುತ್ತಿತ್ತು. ಮನೆಯಲ್ಲಿ ಕೂಡ ಮುಚ್ಚಿಟ್ಟಿದ್ದೆ. ಪಾಪ ಅನ್ನೋ ನಿನ್ನ ಲೆಕ್ಕ ನನ್ನದಲ್ಲ. ಆದರೆ ನನ್ನ ಲೆಕ್ಕದಲ್ಲೂ ಅದು ಸರಿಯಿಲ್ಲ. ಈ ತಿಂಗಳು ಒಬ್ಬಳೇ ಕೂತಾಗ ಮುಟ್ಟಿಲ್ಲ. ನೀನು ಹೇಳಿದ್ದರಿಂದಲೇ ಅಂತ ಬರೆಯೋಕೆ ಆಗಲ್ಲ. ನಿನ್ನ ಮಾತಿಗಿಂತ ಎರಡು ವಾರ ಮೊದಲೇ ಬಿಟ್ಟಿದ್ದೆ. ಆದರೂ ನಿನ್ನ ಮಾತು ಕೇಳಿದ ದಿನ ನನ್ನ ಗುಟ್ಟು ಒಬ್ಬರಿಗೆ ಗೊತ್ತಿದೆ ಅಂತ ಸ್ವಲ್ಪ ಹಗುರ ಅನ್ನಿಸಿದ್ದು ನಿಜ.

ಇನ್ನು ಅವನೂ ನಾನೂ ಮದುವೆಯಾಗದೆ ಒಂದೇ ಮನೆಯಲ್ಲಿ ಇರುವ ವಿಷಯ. ನಿನ್ನ ನಂಬಿಕೆಯ ಪ್ರಕಾರ ಅದು ತಪ್ಪು ಅಂತ ನನಗೆ ಗೊತ್ತು. ತಪ್ಪಲ್ಲ ಅಂತ ನಿನ್ನ ಬಾಯಲ್ಲಿ ಹೇಳಿಸಬೇಕು ಅನ್ನೋ ಆಸೆ ನನಗಿಲ್ಲ. ಅದರ ಬಗ್ಗೆ ವಾದಕ್ಕೂ ಇಳಿಯಲ್ಲ, ಯಾಕೆಂದರೆ ನಾನು ಯಾವ ಕಾರಣ ಕೊಟ್ಟರೂ ಅದು ನಿನಗೆ ನೆಪದ ಹಾಗೆ ಕೇಳಿಸುತ್ತದೆ. ನೀನು ಯಾವ ಸಾಲು ಓದಿ ಹೇಳಿದರೂ ನನಗದು ಅಪ್ಪಣೆಯ ಹಾಗೆ ಕೇಳಿಸುತ್ತದೆ. ನಾಲ್ಕು ವರ್ಷ ಯೋಚಿಸಿ, ಬೇಕು ಅಂತಲೇ ನಾವು ಹೀಗಿದ್ದೇವೆ. ಇಷ್ಟು ಗೊತ್ತಿರಲಿ, ಸಾಕು.

ಆದರೆ ಒಂದು ಮಾತು. ನಿನ್ನ 11 ನಿಮಿಷದಲ್ಲಿ ‘ಆ ಸಂಬಂಧ’ ಅನ್ನೋದು ಆರು ಸಲ ಬಂತು. ನಾನು ಎಣಿಸಿದೆ (ಎಣಿಸಬಾರದಿತ್ತೇನೋ). ಅವನಿಗೆ ಒಂದು ಹೆಸರಿದೆ. ನಿನಗೆ ಅದು ಗೊತ್ತು. ಇಡೀ ಸಂಜೆ ಕೂತು ಅವನ ಜೊತೆ ಇಸ್ಪೀಟು ಆಡಿದ್ದೀಯ, ಮೋಸ ಮಾಡಿ ಗೆದ್ದಿದ್ದೀಯ ಕೂಡ. ನಾವು ಬದುಕುವ ರೀತಿ ಒಪ್ಪದಿದ್ದರೂ ಪರವಾಗಿಲ್ಲ, ಅವನನ್ನು ಹೆಸರು ಹಿಡಿದು ಕರೆ.

ನನಗೆ ನಿಜವಾಗಿ ನೋವಾಗಿದ್ದು ಆ ಮೆಸೇಜಿನಿಂದ ಅಲ್ಲ. ಅದಕ್ಕೆ ಮೊದಲು, ನನ್ನ ಹುಟ್ಟುಹಬ್ಬದ ದಿನ. ಊಟದ ಮೇಜಿನಲ್ಲಿ ಏಳು ಜನ ಇದ್ದರು. ಅವನ ಅಕ್ಕ ಅವತ್ತು ನಿನ್ನನ್ನು ಮೊದಲ ಸಲ ನೋಡುತ್ತಿದ್ದರು. ‘ಇವಳು ಮೊದಲು ಹೀಗಿರಲಿಲ್ಲ, ದಾರಿ ತಪ್ಪಿದ್ದಾಳೆ, ನೀವಾದರೂ ಬುದ್ಧಿ ಹೇಳಿ’ ಅಂದೆ ಅವರಿಗೆ. ಆಮೇಲೆ ಎದ್ದು ಹೊರಟೆ. ಅವರು ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ. ನನ್ನ ಬಗ್ಗೆ ನೀನು ಏನು ಅಂದುಕೊಂಡರೂ ನನ್ನ ಹತ್ತಿರ ಹೇಳಬಹುದು, ಒಬ್ಬಳೇ ಇದ್ದಾಗ. ನಾಲ್ಕು ಜನರ ಎದುರು ಹೇಳಿದರೆ ನನಗೆ ಆಗ ಕೇಳಿಸೋದು ನಿನ್ನ ಕಾಳಜಿ ಅಲ್ಲ, ಅವಮಾನ ಮಾತ್ರ. ನಾನು ಗ್ರೂಪಿನಲ್ಲಿ ನಿನಗೆ ಹೆಸರಿಟ್ಟಾಗ ನಿನಗೂ ಹೀಗೇ ಆಗಿರಬೇಕು. ಇದನ್ನು ಬರೆಯುವಾಗಲೇ ಅದು ಹೊಳೆಯಿತು.

‘ನಿನಗೆ ದೇವರ ಮೇಲೆ ಏನು ಕೋಪ’ ಅಂತ ಕೇಳಿದೆ. ಕೋಪ ಇಲ್ಲ ಕಣೇ. ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಹೇಳಿದೆ ಅಂತ ನಾನೂ ಕಣ್ಣು ಮುಚ್ಚಿ ಕೂತಿದ್ದೆ. ಆ ಕಡೆಯಿಂದ ನನಗೆ ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ನಿನಗೆ ಏನೋ ಕೇಳಿಸಿತು, ನಿನ್ನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಿನಗೆ ಬರೀ ಭ್ರಮೆ ಅಂತ ನಾನು ಹೇಳಲ್ಲ. ನನ್ನ ಕಿವಿ ಮುಚ್ಚಿದೆ ಅಂತ ನೀನೂ ಹೇಳಬೇಡ. ಮುಂದೊಂದು ದಿನ ನನಗೂ ಕೇಳಿಸಿದರೆ ಮೊದಲು ನಿನಗೇ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಅದಕ್ಕೇ ಕಾಯುತ್ತಾ ಕೂರಬೇಡ. ನಾನು ಬದಲಾಗುತ್ತೇನೆ ಅನ್ನೋ ಆಸೆಯಿಂದ ಮಾತ್ರ ನೀನು ನನ್ನ ಜೊತೆ ಇದ್ದರೆ, ಪ್ರತಿ ಸಲ ನೀನು ‘ಹೇಗಿದ್ದೀಯ’ ಅಂದಾಗಲೂ ಇದು ಪರೀಕ್ಷೆಯೇನೋ ಅಂತ ನಾನು ಲೆಕ್ಕ ಹಾಕಬೇಕಾಗುತ್ತದೆ. ಈಗಲೇ ಸ್ವಲ್ಪ ಹಾಗೆ ಆಗಿದೆ. ಕಳೆದ ಸಲ ನೀನು ಕರೆದಾಗ ಬೇಕು ಅಂತಲೇ ಫೋನ್ ಎತ್ತಲಿಲ್ಲ. ಮೀಟಿಂಗ್ ಅಂತ ಸುಳ್ಳು ಹೇಳಿದೆ.

ಅದಕ್ಕೇ ಕೇಳುತ್ತಿದ್ದೇನೆ. ದಿನಾ ಬೆಳಿಗ್ಗೆ ಕಳಿಸುವ ಆ ಪ್ರವಚನದ ವಿಡಿಯೋಗಳು ಬೇಡ. ನಾನು ನೋಡುತ್ತಿಲ್ಲ. ನೋಡಿದೆ ಅಂತ ನೀನು ಅಂದುಕೊಳ್ಳೋದು ಇನ್ನೂ ಕೆಟ್ಟದು. ಯಾವುದಾದರೂ ನಿನಗೆ ತುಂಬಾ ಇಷ್ಟವಾದರೆ, ಯಾಕೆ ಇಷ್ಟವಾಯಿತು ಅಂತ ನಿನ್ನ ಮಾತಲ್ಲೇ ಎರಡು ಸಾಲು ಬರೆದು ಕಳಿಸು, ಅದನ್ನು ಓದುತ್ತೇನೆ. ನಿಮ್ಮ ವಾರದ ಸಭೆಗೆ ನಾನು ಬರಲ್ಲ. ‘ನೋಡೋಣ’ ಅಂತ ಎರಡು ವರ್ಷ ತಳ್ಳಿದ್ದು ನನ್ನ ಹೇಡಿತನ. ನನಗಾಗಿ ಪ್ರಾರ್ಥನೆ ಮಾಡಬೇಕು ಅನ್ನಿಸಿದರೆ ಮಾಡು. ಅದು ನನಗೆ ಬೇಜಾರಿಲ್ಲ, ನಿಜ ಹೇಳಬೇಕು ಅಂದರೆ ಇಷ್ಟವೇ. ಆದರೆ ಸಭೆಯಲ್ಲಿ ಎಲ್ಲರ ಮುಂದೆ ನನ್ನ ಹೆಸರು, ನನ್ನ ಮನೆ ವಿಷಯ ಹೇಳಿ ಮಾಡಿಸಬೇಡ.

ನನ್ನ ಕಡೆಯಿಂದಲೂ ಇದೆ. ನೀನು ಮನೆಗೆ ಬಂದಾಗ ಮೇಜಿನ ಮೇಲೆ ಬಾಟಲಿ ಇರಲ್ಲ. ನಿನ್ನ ಊಟದ ನಿಯಮಗಳನ್ನು ಬರೆದು ಕಳಿಸು, ನಿನಗೆ ಬೇರೆ ಪಾತ್ರೆಯಲ್ಲೇ ಮಾಡುತ್ತೇನೆ. ಪ್ರಾರ್ಥನೆಯ ಹೊತ್ತಾದರೆ ಒಳಗಿನ ಕೋಣೆ ನಿನ್ನದು, ಟಿವಿ ಆಫ್. ನೀನು ಎದ್ದು ಹೋದಾಗ ಯಾರೂ ಕಣ್ಣು ಮಿಟುಕಿಸದ ಹಾಗೆ ನೋಡಿಕೊಳ್ಳುತ್ತೇನೆ, ನನ್ನನ್ನೂ ಸೇರಿಸಿ. ಇಷ್ಟಾದರೂ ನಮ್ಮ ಮನೆಗೆ ಬರೋಕೆ ನಿನ್ನ ಮನಸ್ಸು ಒಪ್ಪದಿದ್ದರೆ ಹೇಳು. ಹೊರಗೆ ಸಿಗೋಣ. ಅದಕ್ಕೆ ನಾನು ಕೊರಗಲ್ಲ ಅಂತ ಹೇಳಲಾರೆ, ಆದರೆ ಅರ್ಥ ಮಾಡಿಕೊಳ್ಳುತ್ತೇನೆ.

ಇನ್ನೊಂದು. ಈ ಎರಡು ವರ್ಷದಲ್ಲಿ ನಿನ್ನ ಪ್ರಾರ್ಥನೆಯಲ್ಲಿ ಏನಾಗುತ್ತದೆ ಅಂತ ನಾನು ಒಂದು ಸಲವೂ ಕೇಳಿಲ್ಲ. ಕೇಳಿದರೆ ಎಲ್ಲಿ ನನ್ನನ್ನು ಎಳೆದುಕೊಂಡು ಹೋಗುತ್ತೀಯೋ ಅಂತ ಭಯ. ನಿನ್ನ ಬದುಕಿನ ದೊಡ್ಡ ವಿಷಯವನ್ನೇ ಬಿಟ್ಟು ಉಳಿದ ಹರಟೆ ಹೊಡೆಯುತ್ತಾ ಬಂದೆ. ನಿನಗೂ ಒಂಟಿ ಅನ್ನಿಸಿರಬೇಕು. ನನಗೆ ಕೇಳಬೇಕು ಅಂತಿದೆ. ನೀನು ಬೆಳಿಗ್ಗೆ ಎದ್ದು ಮೊದಲು ಏನು ಹೇಳುತ್ತೀಯ, ಅಪ್ಪನ ನೆನಪು ಅದರಲ್ಲಿ ಎಲ್ಲಿ ಬರುತ್ತದೆ, ಮನಸ್ಸು ಬರದ ದಿನ ಏನು ಮಾಡುತ್ತೀಯ. ಅಂಥ ದಿನಗಳೂ ಇರುತ್ತವಾ?

ಬುಧವಾರ ಸಂಜೆ ಬೇಗ ಕೆಲಸ ಮುಗಿಯುತ್ತದೆ. ನಿನ್ನ ಪ್ರಾರ್ಥನೆ 7ಕ್ಕೆ. 5ಕ್ಕೆ ಹೊರಟರೆ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬರಬಹುದು. ಈ ಪತ್ರಕ್ಕೆ ಉತ್ತರ ಬರೆದುಕೊಂಡು ಬರಬೇಕು ಅಂತೇನಿಲ್ಲ. ಇದರಲ್ಲಿ ಯಾವುದಾದರೂ ಮಾತು ನಿನಗೆ ಚುಚ್ಚಿದರೆ ಅವತ್ತೇ ಮುಖ ನೋಡಿ ಹೇಳು. ಅರ್ಧ ದಾರಿ ಸುಮ್ಮನೆ ನಡೆದರೂ ಪರವಾಗಿಲ್ಲ, ಫೋನಿನಲ್ಲಿ ರಾತ್ರಿ 2 ಗಂಟೆಗೆ ನಾವು ಅದನ್ನೇ ತಾನೇ ಮಾಡುತ್ತಿದ್ದದ್ದು.

ಹುಟ್ಟುಹಬ್ಬದ ದಿನ ನೀನು ಬಿಟ್ಟುಹೋದ ಕೊಡೆ ಇಲ್ಲೇ ಬಾಗಿಲ ಹಿಂದೆ ಇದೆ. ಒಂದು ಕಡ್ಡಿ ಮುರಿದಿತ್ತು, ಅವನು ಸರಿಮಾಡಿ ಇಟ್ಟಿದ್ದಾನೆ. ಬುಧವಾರ ತರುತ್ತೇನೆ.

ಇಂತಿ,
ನಿನ್ನ ಹಳೇ ರೂಮ್‌ಮೇಟ್