12 ಲಕ್ಷದ ಪರ್ಸ್: ಈ ಸಲದ ಹರಾಜಿಗೆ ನಮ್ಮ ಕಬಡ್ಡಿ ತಂಡದ ಲೆಕ್ಕ

ಕೋಚ್ ಸರ್ ಅವರಿಗೆ ಮತ್ತು ತಂಡದ ಮೂವರು ಮಾಲೀಕರಿಗೆ,

ಹರಾಜಿಗೆ ಇನ್ನು ಒಂಬತ್ತು ದಿನ ಇದೆ. ಜಿಲ್ಲಾ ಲೀಗ್ ನಿಯಮದಂತೆ ಎಂಟೂ ತಂಡಗಳಿಗೆ 12 ಲಕ್ಷ ರೂಪಾಯಿಯೇ ಮಿತಿ. ತಂಡದಲ್ಲಿ 12 ಆಟಗಾರರಿರಬೇಕು, ಮೂಲ ಬೆಲೆ 20,000. ಅಂದರೆ ಯಾರನ್ನು ತಗೊಂಡರೂ 2,40,000 ಹೋಗಿಯೇ ಹೋಗುತ್ತದೆ. ನಾವು ನಿಜವಾಗಿ ಯೋಚಿಸಿ ಖರ್ಚು ಮಾಡಬಹುದಾದ ಹಣ 9,60,000 ಮಾತ್ರ.

ಕಳೆದ ಸಲ 6,10,000 ಇಬ್ಬರೇ ರೈಡರ್‌ಗಳಿಗೆ ಹೋಯಿತು. ಎರಡು ಕಾರ್ನರ್ ಡಿಫೆಂಡರ್‌ಗಳಿಗೂ ಸೇರಿ ಕೊಟ್ಟದ್ದು 90,000. ಲೀಗ್‌ನ 14 ಪಂದ್ಯಗಳಲ್ಲಿ ಐದನ್ನು ಮೂರು ಅಥವಾ ಅದಕ್ಕಿಂತ ಕಡಿಮೆ ಅಂಕದಿಂದ ಸೋತೆವು. ರೈಡರ್‌ಗಳು ಕೆಟ್ಟದಾಗಿ ಆಡಲಿಲ್ಲ. ಆದರೆ ಒಂದು ಪಂದ್ಯದಲ್ಲಿ ನಮಗೆ ಸಿಗುವುದು ಸುಮಾರು 30 ರೈಡ್. ಅದನ್ನೇ ಇಬ್ಬರೂ ಹಂಚಿಕೊಳ್ಳಬೇಕಿತ್ತು. ಒಬ್ಬನ ರೈಡ್ ಹೆಚ್ಚಿದರೆ ಇನ್ನೊಬ್ಬನದು ಇಳಿಯುತ್ತದೆ, ಬೆಲೆ ಮಾತ್ರ ಇಳಿಯುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ನಮ್ಮ ಮುಖ್ಯ ರೈಡರ್ ಔಟಾಗಿ ಹೊರಗೆ ಕೂತರೆ ಅವನನ್ನು ಮತ್ತೆ ಮ್ಯಾಟ್‌ಗೆ ತರುವುದು ಯಾರು? ಎದುರಾಳಿಯನ್ನು ಹಿಡಿದಾಗ ಅಂಕ ಬರುತ್ತದೆ, ಔಟಾದ ನಮ್ಮ ಹುಡುಗನೊಬ್ಬ ಒಳಗೆ ಬರುತ್ತಾನೆ. ಕಾರ್ನರ್ ದುರ್ಬಲವಾಗಿದ್ದರಿಂದ ನಮ್ಮ ದುಬಾರಿ ರೈಡರ್ ಎಷ್ಟೋ ಹೊತ್ತು ಸುಮ್ನೆ ಹೊರಗೆ ಕೂತಿದ್ದ. ವಿಡಿಯೋ ಮತ್ತೆ ನೋಡಿದಾಗ ಹೊಟ್ಟೆ ಉರಿಯಿತು.

ಈಗ ಲೆಕ್ಕಕ್ಕೆ ಬರೋಣ. ಕಳೆದ ಸೀಸನ್‌ನ ಸ್ಕೋರ್ ಶೀಟ್ ಮತ್ತು ವಿಡಿಯೋ ನೋಡಿ ಪ್ರತಿ ಆಟಗಾರನ ನಿವ್ವಳ ಅಂಕ ತೆಗೆದಿದ್ದೇನೆ. ರೈಡರ್‌ಗೆ, ತಂದ ಅಂಕದಿಂದ ಸಿಕ್ಕಿಬಿದ್ದ ಸಲಗಳನ್ನು ಕಳೆದಿದ್ದೇನೆ. ಡಿಫೆಂಡರ್‌ಗೆ, ಹಿಡಿದ ಅಂಕದಿಂದ ಹಿಡಿಯಲು ಹೋಗಿ ಕೊಟ್ಟ ಅಂಕವನ್ನು ಕಳೆದಿದ್ದೇನೆ. ಸೂಪರ್ ಟ್ಯಾಕಲ್‌ನ ಎರಡನೇ ಅಂಕವನ್ನು ಸೇರಿಸಿಲ್ಲ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದದ್ದು ಸಂದರ್ಭ, ಅದು ಮುಂದಿನ ವರ್ಷವೂ ಅಷ್ಟೇ ಸಲ ಬರುತ್ತದೆ ಅನ್ನಲಾಗದು.

ನೇರವಾಗಿ ಅಂಕವನ್ನು ಬೆಲೆಯಿಂದ ಭಾಗಿಸಿದರೆ ಮೋಸ ಹೋಗುತ್ತೇವೆ. 20,000ದ ಹುಡುಗ ಒಂದು ಅಂಕ ತಂದರೂ ಲಕ್ಷಕ್ಕೆ ಐದು ಅಂಕ ಎಂದು ಕಾಣುತ್ತದೆ. ಹಾಗಂತ ಅಂಥವರನ್ನೇ ತುಂಬಿಕೊಂಡರೆ ಗೆಲ್ಲುತ್ತೇವಾ? ಮ್ಯಾಟ್ ಮೇಲೆ ಜಾಗ ಏಳೇ ಅಲ್ವಾ. ಅದಕ್ಕೇ ಮೂಲ ಬೆಲೆಯ ಆಟಗಾರನಿಗಿಂತ ಎಷ್ಟು ಜಾಸ್ತಿ ಅಂಕ ತರುತ್ತಾನೆ, ಅದಕ್ಕೆ ಮೂಲ ಬೆಲೆಗಿಂತ ಎಷ್ಟು ಜಾಸ್ತಿ ಹಣ ಕೊಡಬೇಕು, ಇದನ್ನೇ ನೋಡಿದ್ದೇನೆ. ಮೂಲ ಬೆಲೆಯ ರೈಡರ್ ಪಂದ್ಯಕ್ಕೆ ನಿವ್ವಳ 1 ಅಂಕ ತರುತ್ತಾನೆ. ಮೂಲ ಬೆಲೆಯ ಡಿಫೆಂಡರ್ ಹೆಚ್ಚುಕಡಿಮೆ ಸೊನ್ನೆ: ಹಿಡಿದಷ್ಟೇ ಕೊಟ್ಟೂ ಬರುತ್ತಾನೆ.

ಎಲ್ಲರ ಬಾಯಲ್ಲೂ ಇರುವ ಪಟ್ಟಿ ಸಂಖ್ಯೆ 7ರ ರೈಡರ್ ಪಂದ್ಯಕ್ಕೆ 9 ಅಂಕ ತರುತ್ತಾನೆ, 3 ಸಲ ಸಿಕ್ಕಿಬೀಳುತ್ತಾನೆ. ನಿವ್ವಳ 6, ಅಂದರೆ 5 ಜಾಸ್ತಿ. ಅವನ ಬೆಲೆ 4,20,000ಕ್ಕೆ ಹೋಗಬಹುದು. ಲಕ್ಷಕ್ಕೆ 1.25 ಅಂಕ. ಸಂಖ್ಯೆ 12ರವನು 3.5 ಜಾಸ್ತಿ ತರುತ್ತಾನೆ, 2,20,000ಕ್ಕೆ ಸಿಗಬಹುದು. ಲಕ್ಷಕ್ಕೆ 1.75. ಪಾಂಡವಪುರದ ಕಡೆಯ ಹುಡುಗ, ಸಂಖ್ಯೆ 23, ಇನ್ನೂ ಅಗ್ಗ: 1,20,000ಕ್ಕೆ 2 ಅಂಕ ಜಾಸ್ತಿ. ಅವನು ಆಡಿದ್ದು ಆರೇ ಪಂದ್ಯ. ಶೀಟ್‌ನಲ್ಲಿ ನಿವ್ವಳ 3.8 ಇದೆ, ನಾನು 3 ಎಂದೇ ಹಿಡಿದಿದ್ದೇನೆ. ಆರು ಪಂದ್ಯದ ಆಟವನ್ನು ಪೂರ್ತಿ ನಂಬಬಾರದು.

ಕಾರ್ನರ್‌ಗಳಲ್ಲೇ ನಮಗೆ ಲಾಭ. ಎಡ ಕಾರ್ನರ್ ಸಂಖ್ಯೆ 31 ಕೊಡುವುದು 2.4 ಜಾಸ್ತಿ, ಬೆಲೆ 1,40,000. ಲಕ್ಷಕ್ಕೆ 2. ಬಲ ಕಾರ್ನರ್ ಸಂಖ್ಯೆ 34 ಕೊಡುವುದು 1.8, ಬೆಲೆ 1,00,000. ಲಕ್ಷಕ್ಕೆ 2.25, ಇಡೀ ಪಟ್ಟಿಯಲ್ಲೇ ಜಾಸ್ತಿ. ಔಟಾದವರನ್ನು ಒಳಗೆ ತರುವ ಲಾಭವನ್ನು ಇದರಲ್ಲಿ ನಾನು ಇನ್ನೂ ಸೇರಿಸಿಲ್ಲ. ಆಲ್‌ರೌಂಡರ್ ಸಂಖ್ಯೆ 18 (1,60,000ಕ್ಕೆ 2.1) ಮತ್ತು ಇಬ್ಬರು ಕವರ್‌ಗಳು (80,000ಕ್ಕೆ 0.9, 60,000ಕ್ಕೆ 0.6) ಲಕ್ಷಕ್ಕೆ 1.5ರಲ್ಲಿ ಬರುತ್ತಾರೆ.

ಹಾಗಾಗಿ ಹಂಚಿಕೆ ಹೀಗಿರಲಿ:

| ಸ್ಥಾನ | ಜನ | ಹಣ |
|---|---|---|
| ರೈಡರ್ | 3 | 4,20,000 |
| ಕಾರ್ನರ್ | 3 | 3,00,000 |
| ಆಲ್‌ರೌಂಡರ್ | 1 | 1,60,000 |
| ಕವರ್ | 2 | 1,40,000 |
| ಮೂಲ ಬೆಲೆಯವರು | 3 | 60,000 |
| ಬಿಡ್ ಏರಿದರೆ ಎಂದು ಕೈಯಲ್ಲಿ | – | 1,20,000 |

ಮೂರನೇ ರೈಡರ್‌ಗೆ 80,000, ಮೂರನೇ ಕಾರ್ನರ್‌ಗೆ 60,000. ಇಬ್ಬರೂ ಬೆಂಚ್‌ಗೆ. ಮ್ಯಾಟ್‌ಗೆ ಇಳಿಯುವ ಏಳು ಜನರ ಬೆಲೆ 8,80,000, ಒಟ್ಟು ಲಾಭ ಪಂದ್ಯಕ್ಕೆ 13.3 ಅಂಕ. ಅದೇ ಹಣದಲ್ಲಿ 12ರ ಬದಲು 7ನ್ನು ತಂದರೆ 2 ಲಕ್ಷ ಜಾಸ್ತಿ ಬೇಕು. ಆಲ್‌ರೌಂಡರ್ ಮತ್ತು ಒಬ್ಬ ಕವರ್ ಜಾಗಕ್ಕೆ ಮೂಲ ಬೆಲೆಯವರನ್ನು ಹಾಕಬೇಕಾಗುತ್ತದೆ. ಆಗ ಲಾಭ 11.8ಕ್ಕೆ ಇಳಿಯುತ್ತದೆ. ಪಂದ್ಯಕ್ಕೆ ಒಂದೂವರೆ ಅಂಕ. ಆ ಐದು ಸೋಲುಗಳನ್ನು ನೆನೆದರೆ ಅದು ಸಣ್ಣದಲ್ಲ.

ದೊಡ್ಡ ಹೆಸರು ಬೇಡ ಎಂದು ನಾನು ಹೇಳುತ್ತಿಲ್ಲ. 2023ರ ಪ್ರೊ ಕಬಡ್ಡಿ ಹರಾಜು ನೆನಪಿದೆಯಾ? ತಂಡಕ್ಕೆ 5 ಕೋಟಿ ಮಿತಿ. ತೆಲುಗು ಟೈಟಾನ್ಸ್ ರೈಡರ್ ಪವನ್ ಸೆಹ್ರಾವತ್‌ಗೆ 2.605 ಕೋಟಿ ಕೊಟ್ಟಿತು. ಪವನ್ ಚೆನ್ನಾಗೇ ಆಡಿದರು, ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನೇ ಗೆದ್ದು ಕೊನೆಗೆ ನಿಂತಿತು. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಡಿಫೆಂಡರ್ ಶಾದ್ಲೂಯಿಗೆ 2.35 ಕೋಟಿ ಸುರಿದು ಕಪ್ ಎತ್ತಿತು. ಆಗ ಅವರ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಎರಡೂ ತಂಡಗಳು ಒಬ್ಬನಿಗೇ ಅರ್ಧದಷ್ಟು ಹಣ ಕೊಟ್ಟವು. ಆದರೆ ಪುಣೆಯ ಬಳಿ ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್‌ರಂಥ ರೈಡರ್ ಹುಡುಗರು ಮೊದಲೇ ಉಳಿದುಕೊಂಡಿದ್ದರು, ರೈಡಿಂಗ್‌ಗೆ ದೊಡ್ಡ ಹಣ ಬೇಕಾಗಲಿಲ್ಲ. ನಮ್ಮ ಬಳಿ ಉಳಿಸಿಕೊಂಡವರು ಯಾರೂ ಇಲ್ಲ.

ಹರಾಜಿನ ದಿನ ಎಲ್ಲಿ ನಿಲ್ಲಿಸಬೇಕು? ನಮ್ಮ ಕೊನೆಯ ಲಕ್ಷ ತರುವುದು 1.5 ಅಂಕ. ಯಾರ ಬಿಡ್ ಆದರೂ ಲಕ್ಷಕ್ಕೆ 1.5ಕ್ಕಿಂತ ಕೆಳಗೆ ಇಳಿದರೆ ಕೈ ಕೆಳಗಿಳಿಸಬೇಕು. ಆ ಪ್ರಕಾರ ಸಂಖ್ಯೆ 12ಕ್ಕೆ 2,50,000, 31ಕ್ಕೆ 1,80,000, 23ಕ್ಕೆ 1,50,000, 34ಕ್ಕೆ 1,40,000 ಮಿತಿ. ಆಲ್‌ರೌಂಡರ್ ಮತ್ತು ಕವರ್‌ಗಳಿಗೆ ಮೇಲೆ ಬರೆದದ್ದೇ ಕೊನೆ. ನಾಲ್ವರದೂ ಮಿತಿ ಮುಟ್ಟಿದರೆ 1,40,000 ಜಾಸ್ತಿ ಬೇಕಾಗುತ್ತದೆ, ಕೈಯಲ್ಲಿರುವುದು 1,20,000. ಆಗ ಬೆಂಚ್ ರೈಡರ್‌ನ 80,000ವನ್ನು 60,000ಕ್ಕೆ ಇಳಿಸೋಣ. ಸಂಖ್ಯೆ 7 ಏನಾದರೂ 3,50,000ದೊಳಗೆ ಸಿಕ್ಕರೆ ತಗೊಳ್ಳೋಣ, 12ನ್ನು ಬಿಡೋಣ. ಅದರ ಮೇಲೆ ಒಂದು ರೂಪಾಯಿಯೂ ಬೇಡ. ಬಿಡ್ ಕೂಗುವ ಕೆಲಸ ಒಬ್ಬರದೇ ಇರಲಿ. ಹೋದ ಸಲ ನಮ್ಮವರೇ ಇಬ್ಬರು ಕೈ ಎತ್ತಿ ನಮ್ಮ ಬೆಲೆಯನ್ನು ನಾವೇ ಏರಿಸಿಕೊಂಡೆವು.

ಕೋಚ್ ಸರ್, ಒಂದು ವಿನಂತಿ. ಸಂಖ್ಯೆ 34ರ ಹುಡುಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಕೊನೆಯ ಮೂರು ಪಂದ್ಯ ಆಡಿದ. ಶೀಟ್‌ನಲ್ಲಿ ಅದು ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಅವನು ಮದ್ದೂರಿನಲ್ಲಿ ಅಭ್ಯಾಸಕ್ಕೆ ಬರುತ್ತಾನಂತೆ. ನೀವೇ ಒಂದು ಸಲ ಹೋಗಿ, ಅವನು ಆ್ಯಂಕಲ್ ಹೋಲ್ಡ್‌ಗೆ ಬಲಗಾಲ ಮೇಲೆ ಭಾರ ಹಾಕುತ್ತಾನೋ ಇಲ್ಲವೋ ನೋಡಿ ಬನ್ನಿ. ಹಾಕದಿದ್ದರೆ ಅವನ 1,00,000ವನ್ನು ಬೇರೆ ಬಲ ಕಾರ್ನರ್‌ಗೆ ತೆಗೆದಿಡುತ್ತೇನೆ.