ಪರಿಕಲ್ಪನಾ ಹಂತದ ವೆಚ್ಚ ಅಂದಾಜು: ಯಾಂತ್ರಿಕ ಸೇವೆಗಳು
44 ಕೋಣೆಗಳ ವಸತಿಗೃಹ, ಚೆಟ್ಟಳ್ಳಿ ಸಮೀಪ, ಕೊಡಗು

ಬೆಲೆಗಳ ಆಧಾರ: 2025ರ ಅಕ್ಟೋಬರ್
ಆಧಾರ ನಕ್ಷೆ: ವಾಸ್ತುಶಿಲ್ಪಿಗಳ ಪರಿಕಲ್ಪನಾ ನಕ್ಷೆ, ಎರಡನೇ ಪರಿಷ್ಕರಣೆ (ನೆಲಮಹಡಿ + 2)

ಒಟ್ಟು ಮೊತ್ತ

ಯಾಂತ್ರಿಕ ಸೇವೆಗಳ ಅಂದಾಜು ವೆಚ್ಚ ಜಿಎಸ್‌ಟಿ ಬಿಟ್ಟು 3.66 ಕೋಟಿ ರೂಪಾಯಿ. ಚದರ ಮೀಟರಿಗೆ 8,715 ರೂ., ಚದರ ಅಡಿಗೆ ಸುಮಾರು 810 ರೂ. ನಕ್ಷೆ ಇನ್ನೂ ಗಟ್ಟಿಯಾಗಿಲ್ಲದ ಈ ಹಂತದಲ್ಲಿ ಅಂತಿಮ ವೆಚ್ಚ ಶೇ. 15 ಇಳಿಯಬಹುದು, ಶೇ. 25 ಏರಲೂಬಹುದು. ಹಾಗಾಗಿ ಬ್ಯಾಂಕಿಗೆ ಕೊಡುವ ಬಜೆಟ್‌ನಲ್ಲಿ 3.11ರಿಂದ 4.58 ಕೋಟಿ ಎಂಬ ವ್ಯಾಪ್ತಿಯನ್ನೇ ತೋರಿಸಿ. ಒಂಟಿ ಅಂಕಿ ಬೇಡ.

ವಿಸ್ತೀರ್ಣ

ಹೊರಗೋಡೆಯ ಹೊರಮುಖದಿಂದ ಅಳೆದ ಒಟ್ಟು ನೆಲ ವಿಸ್ತೀರ್ಣ 4,200 ಚ.ಮೀ. ತೆರೆದ ಜಗಲಿ, ಬಾಲ್ಕನಿ, ವಾಹನ ನಿಲುಗಡೆ ಇದರಲ್ಲಿಲ್ಲ. ಈ ಅಳತೆಯ ಕ್ರಮ ಬದಲಾದರೆ ಕೆಳಗಿನ ದರಗಳು ಹೊಂದುವುದಿಲ್ಲ.

ಹವಾನಿಯಂತ್ರಣ ಮತ್ತು ವಾತಾಯನ

| ವಿಭಾಗ | ಚ.ಮೀ. | ದರ (ರೂ.) | ಮೊತ್ತ (ರೂ.) |
|---|---|---|---|
| ಅತಿಥಿ ಕೋಣೆಗಳು, ಓಣಿಗಳು | 2,640 | 1,400 | 36,96,000 |
| ಸ್ವಾಗತ, ಊಟದ ಮನೆ, ಸಭಾಂಗಣ | 620 | 5,200 | 32,24,000 |
| ಅಡುಗೆಮನೆ | 180 | 9,500 | 17,10,000 |
| ಆಯುರ್ವೇದ ಚಿಕಿತ್ಸೆ, ಜಿಮ್ | 220 | 4,800 | 10,56,000 |
| ಸಿಬ್ಬಂದಿ, ದಾಸ್ತಾನು, ಬಟ್ಟೆ ಒಗೆಯುವ ಜಾಗ | 540 | 900 | 4,86,000 |
| ಒಟ್ಟು | 4,200 | ಸರಾಸರಿ 2,422 | 1,01,72,000 |

ಬೆಂಗಳೂರಿನ ಹೋಟೆಲಿನ ದರವನ್ನು ಇಲ್ಲಿಗೆ ತಂದು ಹಾಕಿಲ್ಲ. ಇಲ್ಲಿ ಸೆಕೆಗಿಂತ ತೇವದ್ದೇ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿ ತಂಪಾಗಿದ್ದೂ ನೀರಿನಿಂದ ತುಂಬಿರುತ್ತದೆ. ಅಂಥ ದಿನ 1.5 ಟನ್ನಿನ ಎಸಿ ಕೆಲವೇ ನಿಮಿಷಗಳಲ್ಲಿ ಕೋಣೆಯನ್ನು ತಣಿಸಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ. ಆಮೇಲೆ ಹಾಸಿಗೆ, ಪರದೆ, ಕಪಾಟಿನ ಹಿಂಬದಿಗೆ ಬೂಷ್ಟು. ಆದ್ದರಿಂದ ಕೋಣೆಗೆ 1 ಟನ್ನಿನ, ಬಿಸಿ-ತಂಪು ಎರಡೂ ಕೊಡುವ ಇನ್ವರ್ಟರ್ ಎಸಿ, ಸ್ನಾನದ ಮನೆಯಲ್ಲಿ ದಿನವಿಡೀ ನಿಧಾನಗತಿಯಲ್ಲಿ ಓಡುವ ಎಕ್ಸಾಸ್ಟ್ ಫ್ಯಾನ್, ಓಣಿಗೆ ತೇವ ತೆಗೆದ ಹೊಸ ಗಾಳಿ ಎಂದು ಲೆಕ್ಕ ಹಿಡಿದಿದ್ದೇವೆ. ಒಟ್ಟಿಗೆ ಕೋಣೆಯೊಂದಕ್ಕೆ 84,000 ರೂ. ವೆಚ್ಚ ತಗ್ಗಿಸಬೇಕಾಗಿ ಬಂದರೆ ಎಸಿಯ ಗಾತ್ರ, ಮಾದರಿಯನ್ನು ನೋಡೋಣ. ಎಕ್ಸಾಸ್ಟ್ ಮತ್ತು ಹೊಸ ಗಾಳಿಗೆ ದಯವಿಟ್ಟು ಕೈಹಾಕಬೇಡಿ.

ಸಾರ್ವಜನಿಕ ಜಾಗಗಳಿಗೆ ಡಕ್ಟ್ ಸಹಿತ ವಿಆರ್‌ಎಫ್, ಅಂದರೆ ಒಂದೇ ಹೊರ ಯಂತ್ರದಿಂದ ಹಲವು ಒಳ ಎಸಿಗಳನ್ನು ನಡೆಸುವ ವ್ಯವಸ್ಥೆ. ಅಡುಗೆಮನೆಯ ದರದಲ್ಲಿ ಹುಡ್, ಎಣ್ಣೆ-ಹೊಗೆ ಶೋಧಕ, ಎಕ್ಸಾಸ್ಟ್ ಜೊತೆಗೆ ಹೊರಹೋದ ಗಾಳಿಯ ಶೇ. 80ರಷ್ಟು ಹೊಸ ಗಾಳಿಯನ್ನು ಒಳಗೆ ಒದಗಿಸುವ ಫ್ಯಾನ್ ಕೂಡ ಇದೆ. ಈ ಫ್ಯಾನ್ ಬಿಟ್ಟರೆ ಬಾಗಿಲು ಎಳೆದುಕೊಳ್ಳುತ್ತದೆ, ಹುಡ್ ಹೊಗೆ ಹಿಡಿಯುವುದಿಲ್ಲ. ಸಿಬ್ಬಂದಿ ವಿಭಾಗಕ್ಕೆ ವಾತಾಯನ ಮಾತ್ರ, ಎಸಿ ಇಲ್ಲ.

ಇತರ ಸೇವೆಗಳು (ಪೂರ್ತಿ 4,200 ಚ.ಮೀ. ಮೇಲೆ)

| ಸೇವೆ | ದರ (ರೂ.) | ಮೊತ್ತ (ರೂ.) |
|---|---|---|
| ನೀರು ಸರಬರಾಜು, ಒಳಚರಂಡಿ ಪೈಪು, ಪಂಪುಗಳು | 1,650 | 69,30,000 |
| ಬಿಸಿನೀರು | 620 | 26,04,000 |
| ಅಗ್ನಿಶಾಮಕ: ಹೈಡ್ರಂಟ್, ಹೋಸ್ ರೀಲ್, ಸ್ಪ್ರಿಂಕ್ಲರ್ | 1,050 | 44,10,000 |

ಬಿಸಿನೀರಿನ ಖರ್ಚು ವಿಸ್ತೀರ್ಣವನ್ನಲ್ಲ, ತಲೆಯೆಣಿಕೆಯನ್ನು ಅನುಸರಿಸುತ್ತದೆ. ಅದಕ್ಕಾಗಿ ದರವನ್ನು ಬೇರೆಯಾಗಿ ತಾಳೆ ನೋಡಿದ್ದೇವೆ. 88 ಅತಿಥಿಗಳಿಗೆ ತಲಾ 100 ಲೀಟರಿನಂತೆ 8,800, ಅಡುಗೆಮನೆ, ಚಿಕಿತ್ಸೆ ಮತ್ತು ಬಟ್ಟೆಗೆ 2,500. ಒಟ್ಟು ದಿನಕ್ಕೆ 11,300 ಲೀಟರ್. 18 ಡಿಗ್ರಿಯ ನೀರನ್ನು 55ಕ್ಕೆ ಏರಿಸಲು ಸುಮಾರು 486 ಕಿಲೋವಾಟ್-ಗಂಟೆ ಶಾಖ ಬೇಕು. ತಲಾ 20 ಕಿಲೋವಾಟ್ ಶಾಖ ಕೊಡುವ ಮೂರು ಹೀಟ್ ಪಂಪುಗಳು ಎಂಟು ಗಂಟೆಗಿಂತ ತುಸು ಹೆಚ್ಚು ಓಡಿದರೆ ಅಷ್ಟು ಸಿಗುತ್ತದೆ. ತಂಪು ದಿನಗಳಲ್ಲಿ ಯಂತ್ರದ ಸಾಮರ್ಥ್ಯ ಇಳಿಯುತ್ತದೆ, ಆಗ ಇನ್ನೆರಡು-ಮೂರು ಗಂಟೆ ಹೆಚ್ಚು ಓಡಿಸಬೇಕಾಗುತ್ತದೆ. ಒಂದು ಕೆಟ್ಟರೂ ಉಳಿದೆರಡು ಸುಮಾರು ಹನ್ನೆರಡು ಗಂಟೆಯಲ್ಲಿ ಕೆಲಸ ಮುಗಿಸುತ್ತವೆ. ಮೂರು ಎಂದು ಹಿಡಿದದ್ದೇ ಅದಕ್ಕೆ. ದರದಲ್ಲಿ ನಿರೋಧಕ ಹೊದಿಸಿದ ಟ್ಯಾಂಕು ಮತ್ತು ಮರುಚಲನೆ ಪೈಪು ಸೇರಿವೆ. ಮರುಚಲನೆ ಇಲ್ಲದಿದ್ದರೆ ಕೊನೆಯ ಕೋಣೆಯವರು ಬೆಳಿಗ್ಗೆ ಬಕೆಟ್‌ಗಟ್ಟಲೆ ತಣ್ಣೀರು ಚೆಲ್ಲಬೇಕು.

ಸೌರ ಫಲಕ ಸೇರಿಸಿಲ್ಲ. ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲದ ಕಾರಣ ಹೀಟ್ ಪಂಪನ್ನು ಹೇಗೂ ಪೂರ್ಣ ಹೊರೆಗೇ ಇಡಬೇಕು. ಅನುಮತಿ ಹಂತದಲ್ಲಿ ಸೌರ ವ್ಯವಸ್ಥೆ ಕೇಳಿದರೆ ಹೆಚ್ಚುವರಿ 9 ಲಕ್ಷ ರೂ. ಎಂದುಕೊಳ್ಳಿ.

ಮೀಸಲು ಮೊತ್ತಗಳು

| ಬಾಬ್ತು | ರೂ. |
|---|---|
| ಕೊಳಚೆನೀರು ಶುದ್ಧೀಕರಣ ಘಟಕ, ದಿನಕ್ಕೆ 40 ಸಾವಿರ ಲೀಟರ್ (ಯಂತ್ರ ಮಾತ್ರ) | 28,00,000 |
| ನೀರು ಶುದ್ಧೀಕರಣ | 6,50,000 |
| ಅಡುಗೆ ಅನಿಲದ ಸಿಲಿಂಡರ್ ಬ್ಯಾಂಕು, ಪೈಪು, ಸೋರಿಕೆ ಸೂಚಕ | 7,00,000 |
| ನಿಯಂತ್ರಣ ವ್ಯವಸ್ಥೆ | 8,00,000 |
| ಒಟ್ಟು | 49,50,000 |

ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಇನ್ನೂ ಕೈಸೇರಿಲ್ಲ. ಕಬ್ಬಿಣಾಂಶ ಇದೆ, ನೀರು ಸ್ವಲ್ಪ ಆಮ್ಲೀಯವಾಗಿದೆ ಎಂದು ಎಣಿಸಿ ಮೊತ್ತ ಇಟ್ಟಿದ್ದೇವೆ. ಆಮ್ಲೀಯ ನೀರು ಜಿಐ ಮತ್ತು ತಾಮ್ರದ ಪೈಪನ್ನು ಒಳಗಿನಿಂದಲೇ ತಿನ್ನುವುದರಿಂದ ಪೈಪಿನ ದರವನ್ನು ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಹಾಕಿದ್ದೇವೆ.

ಕ್ರೋಡೀಕರಣ

| | ರೂ. |
|---|---|
| ವಿಸ್ತೀರ್ಣ ದರದ ಕೆಲಸಗಳು | 2,41,16,000 |
| ಮೀಸಲು ಮೊತ್ತಗಳು | 49,50,000 |
| ಉಪಮೊತ್ತ | 2,90,66,000 |
| ಸ್ಥಳದ ಹೆಚ್ಚುವರಿ, ಶೇ. 6 | 17,43,960 |
| ಗುತ್ತಿಗೆದಾರರ ಪೂರ್ವಸಿದ್ಧತೆ, ಪರೀಕ್ಷೆ, ಚಾಲನೆ, ಶೇ. 8 | 24,64,797 |
| ವಿನ್ಯಾಸ ಬೆಳವಣಿಗೆಯ ಮೀಸಲು, ಶೇ. 10 | 33,27,476 |
| ಒಟ್ಟು | 3,66,02,233 |

ಪ್ರತಿ ಶೇಕಡಾವಾರನ್ನೂ ಅದರ ಮೇಲಿನ ಒಟ್ಟು ಮೊತ್ತಕ್ಕೆ ಹಾಕಿದೆ. ಸ್ಥಳದ ಶೇ. 6ರಲ್ಲಿ ಮೈಸೂರು, ಮಂಗಳೂರಿನಿಂದ ಸಾಗಣೆ, ತೋಟದ ರಸ್ತೆಗೆ ದೊಡ್ಡ ಲಾರಿ ಬಾರದೆ ಸಣ್ಣ ಗಾಡಿಗೆ ಮಾಲು ಬದಲಿಸುವ ಖರ್ಚು, ಕೆಲಸಗಾರರ ವಾಸ, ಮಳೆಯಲ್ಲಿ ಕಳೆದುಹೋಗುವ ದಿನಗಳು ಸೇರಿವೆ. ರಸ್ತೆ ಪೂರ್ತಿ ಕಡಿದುಹೋದರೆ ಆಗುವ ನಷ್ಟ ಇದರಲ್ಲಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ದಾರಿಗೆ ಹಾಗೆಯೇ ಆಗಿತ್ತು. ಭಾರದ ಯಂತ್ರಗಳು ಮೇ ಮುಗಿಯುವುದರೊಳಗೆ ನಿವೇಶನ ತಲುಪುವಂತೆ ಖರೀದಿ ನಡೆಯುತ್ತದೆಂದು ಭಾವಿಸಿದ್ದೇವೆ.

ಕೋಣೆಗಳ ಸಂಖ್ಯೆ ಬದಲಾದರೆ: ಸ್ನಾನದ ಮನೆ ಸಹಿತ ಒಂದು ಕೋಣೆಗೆ, ಶುದ್ಧೀಕರಣ ಘಟಕ ಬಿಟ್ಟು, ಸುಮಾರು 3.7 ಲಕ್ಷ ರೂ. ಕೂಡಿಸಿ ಅಥವಾ ಕಳೆಯಿರಿ. ಕೋಣೆಗಳು ಅಷ್ಟೇ ಉಳಿದು ವಿಸ್ತೀರ್ಣ ಮಾತ್ರ ಹಿಗ್ಗಿದರೆ ಚದರ ಮೀಟರ್ ದರದಿಂದ ಗುಣಿಸಬೇಡಿ, ಉತ್ತರ ಹೆಚ್ಚಾಗಿ ಬರುತ್ತದೆ.

ಈ ಅಂದಾಜಿನಲ್ಲಿ ಸೇರಿಲ್ಲದವು

- ಜಿಎಸ್‌ಟಿ. ಶೇ. 18ರಂತೆ ಸುಮಾರು 66 ಲಕ್ಷ ರೂ.
- 2025ರ ಅಕ್ಟೋಬರ್ ನಂತರದ ಬೆಲೆ ಏರಿಕೆ. ಪ್ರತಿ ಶೇ. 1ಕ್ಕೆ 3.66 ಲಕ್ಷ ರೂ.
- ವಿದ್ಯುತ್ ಕೆಲಸ, ಚಾಮುಂಡೇಶ್ವರಿ ವಿದ್ಯುತ್ ನಿಗಮದ ಸಂಪರ್ಕ, ಟ್ರಾನ್ಸ್‌ಫಾರ್ಮರ್, ಜನರೇಟರ್, ಬೆಂಕಿ ಎಚ್ಚರಿಕೆ ಗಂಟೆ, ಲಿಫ್ಟ್.
- ಸಿವಿಲ್ ಕೆಲಸ: ನೀರಿನ ಮತ್ತು ಅಗ್ನಿಶಾಮಕ ತೊಟ್ಟಿಗಳು, ಶುದ್ಧೀಕರಣ ಘಟಕದ ಕಾಂಕ್ರೀಟ್, ಯಂತ್ರದ ಕಟ್ಟೆ, ಗೋಡೆ ಕೊರೆದು ಮುಚ್ಚುವುದು.
- ಕಮೋಡು, ಬೇಸಿನ್, ನಲ್ಲಿ; ಅಡುಗೆ ಸಲಕರಣೆ, ಶೀತಲ ಕೋಣೆ, ಬಟ್ಟೆ ಒಗೆಯುವ ಯಂತ್ರ.
- ಬೋರ್‌ವೆಲ್, ಈಜುಕೊಳ, ತೋಟದ ನೀರಾವರಿ.
- ಸಲಹೆಗಾರರ ಶುಲ್ಕ, ಇಲಾಖೆಗಳ ಶುಲ್ಕ, ವಾರ್ಷಿಕ ನಿರ್ವಹಣೆ.
- ಮಳೆನೀರಿನ ಚರಂಡಿ ಮತ್ತು ಇಳಿಜಾರಿನ ನೀರು ಹೊರಹಾಕುವ ವ್ಯವಸ್ಥೆ.

ಈ ಕೊನೆಯದನ್ನು ಯಾರ ಅಂದಾಜಿನಲ್ಲೂ ಬಾರದೆ ಉಳಿಯಲು ಬಿಡಬೇಡಿ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮೇಲಿನ ತೋಟದ ನೀರು ಎಲ್ಲಿಗೆ ಹೋಗಬೇಕೆಂದು ಸಿವಿಲ್ ಎಂಜಿನಿಯರರು ಮಣ್ಣಿನ ಪರೀಕ್ಷೆಯೊಂದಿಗೆ ನಿರ್ಧರಿಸಿ, ತಮ್ಮ ಬಜೆಟ್‌ನಲ್ಲಿ ಬರೆದುಕೊಳ್ಳಬೇಕು.

ಮುಂದಿನ ಹಂತಕ್ಕೆ ಬೇಕಾದದ್ದು

ಬೋರ್‌ವೆಲ್ ನೀರಿನ ವರದಿ ಮತ್ತು ಇಳುವರಿ, ಅಡುಗೆ ಸಲಕರಣೆಗಳ ಪಟ್ಟಿ, ಸ್ಪ್ರಿಂಕ್ಲರ್ ವ್ಯಾಪ್ತಿಯ ಬಗ್ಗೆ ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ, ಹೊರ ಯಂತ್ರಗಳಿಗೆ ಗಾಳಿಯಾಡುವ ಜಾಗ. ಇವುಗಳಲ್ಲಿ ಅಗ್ನಿಶಾಮಕ ಅಭಿಪ್ರಾಯ ಮೊದಲು ಬರಲಿ; 44 ಲಕ್ಷದ ಬಾಬ್ತು ಪೂರ್ತಿ ಅದರ ಮೇಲೆಯೇ ನಿಂತಿದೆ.