ಮಾಕ್ ಇಂಟರ್‌ವ್ಯೂ: ಅಭ್ಯರ್ಥಿಗಳಿಗೆ ಮಾಹಿತಿ ಪತ್ರ

ಕಾಸರಗೋಡು. ಶನಿವಾರ ಬೆಳಿಗ್ಗೆ 9.30. ರೆಸ್ಯೂಮೆ ಒಂದೇ ಪುಟ, 2 ಪ್ರತಿ ತನ್ನಿ.

ಒಬ್ಬೊಬ್ಬರಿಗೆ 25 ನಿಮಿಷ: ಪರಿಚಯ 2, ಪ್ರಾಜೆಕ್ಟ್ 10, ವಿಷಯಜ್ಞಾನ 8, ನಮ್ಮ ಅಭಿಪ್ರಾಯ 5.

ಪರಿಚಯದಲ್ಲಿ ಮನೆಯವರ ವಿವರ ಬೇಡ. ಓದಿದ ಶಾಖೆ, ಕೈಯಾರೆ ಮಾಡಿದ ಒಂದು ಕೆಲಸ, ಈ ಹುದ್ದೆ ಯಾಕೆ ಎಂಬುದಿಷ್ಟು ಸಾಕು.

ಹೆಚ್ಚಿನವರು ಎಡವುವುದು ಪ್ರಾಜೆಕ್ಟಿನಲ್ಲಿ. "ನಾವು ಮಾಡಿದೆವು" ಎಂದರೆ ನಿಮ್ಮ ಪಾಲು ಯಾವುದೆಂದು ತಿಳಿಯುವುದಿಲ್ಲ. "ನಾನು" ಎಂದು ಹೇಳಿ. ಅಡಿಕೆ ತೋಟಕ್ಕೆ ತೇವಾಂಶ ನೋಡಿ ನೀರು ಬಿಡುವ ವ್ಯವಸ್ಥೆ ಮಾಡಿದ್ದೀರಿ ಎನ್ನೋಣ. ಮುಂದಿನ ಪ್ರಶ್ನೆ ಖಂಡಿತ: "ಸೆನ್ಸರ್ ಎಷ್ಟು ದಿನ ಬಾಳಿತು?" ರೆಸಿಸ್ಟಿವ್ ಸೆನ್ಸರಿಗೆ ಸದಾ ಡಿಸಿ ಕರೆಂಟು ಕೊಟ್ಟರೆ ಒದ್ದೆ ಮಣ್ಣಿನಲ್ಲಿ ಎಲೆಕ್ಟ್ರಾಲಿಸಿಸ್ ಆಗಿ ಅದರ ಕಡ್ಡಿಗಳು ಸವೆಯುತ್ತವೆ, ರೀಡಿಂಗ್ ತಪ್ಪುತ್ತದೆ. ಅಳೆಯುವಾಗ ಮಾತ್ರ ಕರೆಂಟು ಕೊಟ್ಟೆ, ಇಲ್ಲವೇ ಕೆಪಾಸಿಟಿವ್ ಸೆನ್ಸರಿಗೆ ಬದಲಾಯಿಸಿದೆ ಎನ್ನುವವರು ನಿಜವಾಗಿ ಕೆಲಸ ಮಾಡಿದವರೆಂದು ಗೊತ್ತಾಗುತ್ತದೆ. ಕೆಟ್ಟದ್ದನ್ನು ಮುಚ್ಚಿಡಬೇಡಿ.

ಕೋಡ್ ಬರೆಯುವಾಗ ಯೋಚನೆಯನ್ನು ಬಾಯಿಬಿಟ್ಟು ಹೇಳಿ. ಖಾಲಿ ಲಿಸ್ಟ್, ಒಂದೇ ಅಂಶದ ಲಿಸ್ಟ್ ಕೊಟ್ಟರೆ ಏನಾಗುತ್ತದೆಂದು ನೀವೇ ಪರೀಕ್ಷಿಸಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಎನ್ನಿ.

ಕನ್ನಡ, ತುಳು, ಮಲಯಾಳ ಆಡಿ ಬೆಳೆದವರಿಗೆ ಇಂಗ್ಲಿಷ್ ತಡವರಿಸಿದರೆ ನಾಚಿಕೆ ಬೇಡ. ವಾಕ್ಯ ಚಿಕ್ಕದಿರಲಿ, ನಡುವೆ ಉಸಿರು ತೆಗೆದುಕೊಳ್ಳಿ.

ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ನೋಡಿ. ಮಳೆಗಾಲದಲ್ಲಿ ಕರೆಂಟಿನ ಜತೆ ವೈಫೈಯೂ ಹೋಗುತ್ತದೆ.